ಮನೆ ಬಿಟ್ಟರೂ ಬಿಡದ ಬಿಲ್ಲು: ಬೆಳಗಾವಿಯಿಂದ ವಿಜಯಪುರಕ್ಕೆ ಹೋದ ಒಂದು ಸಂಸಾರದ ಪ್ರಕರಣ

ಮೇ ತಿಂಗಳ ಒಂದು ರಾತ್ರಿ ಅಕ್ಕ ವಿಜಯಪುರದಿಂದ ಫೋನ್ ಮಾಡಿದಳು. ಊಟ ಆಯ್ತಾ ಅಂತ ಕೂಡ ಕೇಳಲಿಲ್ಲ.

"ತಮ್ಮಾ, ಕರೆಂಟ್ ಬಿಲ್ ಅಂತ ಇವರ ಖಾತೆಯಿಂದ 1,836 ರೂಪಾಯಿ ಕಟ್ ಆಗೇತಿ. ಇಲ್ಲಿ ನಮಗ ಬಿಲ್ಲೇ ಬರಂಗಿಲ್ಲ. ಮತ್ತ ಇದು ಯಾರ ಮನಿದು?"

ಅದು ಯಾರ ಮನೆಯದು ಅಂತ ಹುಡುಕುತ್ತಾ ಹೋದಾಗ ಗೊತ್ತಾದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಅಕ್ಕನ ಮನೆ ಖಾಲಿ ಮಾಡಿಸುವಾಗ ನಾನೇ ಓಡಾಡಿದ್ದೆ. ಹಾಗಾಗಿ ಪ್ರತಿ ಹೆಜ್ಜೆಯೂ ನೆನಪಿದೆ. ಎಲ್ಲಿ ತಪ್ಪಿದೆವು ಅನ್ನುವುದೂ ನೆನಪಿದೆ.

ಅಕ್ಕ ಮತ್ತು ಮಾವ ಬೆಳಗಾವಿಯ ಟಿಳಕವಾಡಿಯಲ್ಲಿ ಆರು ವರ್ಷ ಬಾಡಿಗೆಗೆ ಇದ್ದರು. ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ ಅಂತಲೇ ಕರೆಯುವುದು. ಮಾವನಿಗೆ ವಿಜಯಪುರಕ್ಕೆ ವರ್ಗ ಆಯಿತು. ಜನವರಿ 25ಕ್ಕೆ ಸಾಮಾನು ಲಾರಿಗೆ ಹಾಕಿದೆವು. ಮನೆ ಮಾಲಕರು ಕೆಳಗಿನ ಮಹಡಿಯಲ್ಲೇ ಇರುವ ಹಿರಿಯರು, ಎಲ್ಲರಿಗೂ ಕಾಕಾ. ಅವರು ಅವತ್ತೇ ಡಿಪಾಸಿಟ್ ವಾಪಸ್ ಕೊಟ್ಟರು. ಅಕ್ಕ ಬೀಗದ ಕೈ ಕೊಟ್ಟಳು. ಎಲ್ಲ ಮುಗಿಯಿತು ಅಂತ ನಾವು ಅಂದುಕೊಂಡೆವು.

ಮಾವ ಅಚ್ಚುಕಟ್ಟಾದ ಮನುಷ್ಯ. ಯಾವ ಬಿಲ್ಲೂ ತಪ್ಪಬಾರದು ಅಂತ ಎಲ್ಲವನ್ನೂ ಆಟೋಪೇಗೆ, ಅಂದರೆ ದುಡ್ಡು ತಾನಾಗಿಯೇ ಕಟ್ ಆಗುವ ಹಾಗೆ, ಹಾಕಿಟ್ಟಿದ್ದರು. ಕರೆಂಟಿಗೆ ಯುಪಿಐ ಆಟೋಪೇ. ಇಂಟರ್ನೆಟ್ಟಿಗೆ ಕ್ರೆಡಿಟ್ ಕಾರ್ಡ್. ನೀರಿಗೆ ಬ್ಯಾಂಕಿನಿಂದ ಪ್ರತಿ ತಿಂಗಳು ಕಾಕಾ ಅವರ ಖಾತೆಗೆ 200 ರೂಪಾಯಿ. ಮೂರೂ ಬೇರೆ ಬೇರೆ ಕಡೆ ಕೂತಿದ್ದವು. ಒಂದು ಕಡೆ ನೋಡಿದರೆ ಇನ್ನೆರಡು ಕಾಣುವುದಿಲ್ಲ. ಮನೆ ಬಿಡುವ ಗಡಿಬಿಡಿಯಲ್ಲಿ ಮಾವನಿಗೆ ನೆನಪಾದದ್ದು ಇಂಟರ್ನೆಟ್ ಒಂದೇ, ಯಾಕೆಂದರೆ ಅದು ಜಾಸ್ತಿ ದುಡ್ಡಿನದು, ಪ್ರತಿ ತಿಂಗಳೂ ಕಟ್ ಆಗುವುದು. ಕರೆಂಟಿನದು ನೆನಪಾಗಲಿಲ್ಲ. ಅದಕ್ಕೆ ಸರಿಯಾದ ಕಾರಣವಿದೆ.

ಅಕ್ಕನ ಮನೆಗೆ ಗೃಹಜ್ಯೋತಿ ಇತ್ತು. ಆ ಯೋಜನೆಯಲ್ಲಿ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, ಅಷ್ಟು ಯೂನಿಟ್ಟನ್ನು ಉಚಿತ ಮಾಡುತ್ತಾರೆ. ಅಕ್ಕನ ಸರಾಸರಿ 118 ಇತ್ತು. ಹಾಗಾಗಿ ಸುಮಾರು 130 ಯೂನಿಟ್ ಅವಳ ಪಾಲು. ಅದರೊಳಗೆ ಇದ್ದರೆ ಬಿಲ್ ಸೊನ್ನೆ. ಅದನ್ನು ದಾಟಿ 200ರ ಒಳಗಿದ್ದರೆ ಜಾಸ್ತಿ ಆದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಕ್ಕ ನೋಡಿಕೊಂಡು ಬಳಸುವವಳು. ಅವಳಿಗೆ ಹೆಚ್ಚುಕಡಿಮೆ ಯಾವಾಗಲೂ ಸೊನ್ನೆ ಬಿಲ್ಲೇ. ಸೊನ್ನೆ ಬಿಲ್ಲಿಗೆ ಆಟೋಪೇ ಏನನ್ನೂ ಕಟ್ ಮಾಡುವುದಿಲ್ಲ. ಆದರೆ ಆಟೋಪೇ ಸತ್ತಿರುವುದಿಲ್ಲ, ಸುಮ್ನೆ ಮಲಗಿರುತ್ತದೆ. ತಿಂಗಳುಗಟ್ಟಲೆ ಮೆಸೇಜೂ ಇಲ್ಲ, ಕಡಿತವೂ ಇಲ್ಲ ಅಂದಮೇಲೆ ಅಂಥದ್ದೊಂದು ಇದೆ ಅನ್ನುವುದೇ ಮರೆತುಹೋಗುತ್ತದೆ ಅಲ್ವಾ?

ಇನ್ನು ಫೋನಿನ ವಿಷಯ. ಡಿಸೆಂಬರಿನಲ್ಲಿ ಮಾವ ಹೊಸ ಫೋನ್ ತಗೊಂಡರು. ಹೊಸದರಲ್ಲಿ ಬೇರೆ ಪಾವತಿ ಆ್ಯಪ್ ಹಾಕಿಕೊಂಡರು. ಹಳೆ ಆ್ಯಪ್ ಹೋಯಿತು, ಆಟೋಪೇನೂ ಹೋಯಿತು ಅಂತ ಅವರ ಲೆಕ್ಕ. ಅದು ಹಾಗಲ್ಲ. ಆ್ಯಪ್ ಬರೀ ಕಿಟಕಿ. ದುಡ್ಡು ಕೊಡು ಅಂತ ನಾವು ಕೊಟ್ಟ ಒಪ್ಪಿಗೆ, ಅಂದರೆ ಮ್ಯಾಂಡೇಟ್, ನಮ್ಮ ಬ್ಯಾಂಕ್ ಖಾತೆಗೆ ಕಟ್ಟಿಕೊಂಡಿರುತ್ತದೆ. ಆ್ಯಪ್ ತೆಗೆದುಹಾಕಿದರೂ ಅದು ಅಲ್ಲೇ ಇರುತ್ತದೆ.

ಅಕ್ಕ ಬಿಟ್ಟ ಮನೆಗೆ ಫೆಬ್ರವರಿ 1ಕ್ಕೆ ನಾಲ್ಕು ಮಂದಿ ಕೆಲಸದ ಹುಡುಗರು ಬಂದರು. ಅಡುಗೆ ಇಂಡಕ್ಷನ್ ಮೇಲೆ. ಸ್ನಾನಕ್ಕೆ ಗೀಸರ್. ಆ ಮನೆಯ ಮೀಟರ್ ಓದುವುದು ತಿಂಗಳ 5ನೇ ತಾರೀಖಿನ ಆಸುಪಾಸು. ಫೆಬ್ರವರಿ 5ರ ಬಿಲ್ 119 ಯೂನಿಟ್, ಸೊನ್ನೆ. ಅದರಲ್ಲಿ ಹೆಚ್ಚಿನದು ಅಕ್ಕನ ಬಳಕೆಯೇ. ಮಾರ್ಚಿನದು 168 ಯೂನಿಟ್. ಪಾಲು ದಾಟಿದ 38 ಯೂನಿಟ್ಟಿಗೆ 254 ರೂಪಾಯಿ ಬಂತು. ಏಪ್ರಿಲಿನದು 214 ಯೂನಿಟ್. 200ರ ಗೆರೆ ದಾಟಿತು, ಪೂರ್ತಿ 1,724 ಬಿತ್ತು. ಮೇ ತಿಂಗಳದು 231 ಯೂನಿಟ್, 1,836. ಮೂರೂ ಮಾವನ ಖಾತೆಯಿಂದಲೇ ಹೋಗಿದ್ದವು. ಒಟ್ಟು 3,814 ರೂಪಾಯಿ.

ಆ ಹುಡುಗರದ್ದೂ ತಪ್ಪಿಲ್ಲ. ಅವರು ಆ್ಯಪಿನಲ್ಲಿ ನೋಡಿದಾಗಲೆಲ್ಲ ಬಾಕಿ ಇಲ್ಲ ಅಂತ ಬಂದಿದೆ. ಗೃಹಜ್ಯೋತಿ ಇದೆಯಲ್ಲ, ಅದಕ್ಕೇ ಇರಬೇಕು ಅಂತ ಸುಮ್ಮನಾಗಿದ್ದಾರೆ.

ಈ ಪ್ರಕರಣದ ಬೇರು ಇಲ್ಲಿದೆ. ನಮ್ಮ ಕಡೆ ಕರೆಂಟ್ ಕೊಡುವ ಹೆಸ್ಕಾಂ ಲೆಕ್ಕದಲ್ಲಿ ಕರೆಂಟ್ ಬಿಲ್ಲು ಮನೆಗೆ ಅಂಟಿದ್ದು, ಮನುಷ್ಯರಿಗಲ್ಲ. ಆರ್.ಆರ್. ನಂಬರ್, ಅಕೌಂಟ್ ಐಡಿ ಎಲ್ಲ ಆ ಮೀಟರಿನದು. ಒಳಗೆ ಯಾರಿದ್ದಾರೆ ಅನ್ನುವುದು ಅದಕ್ಕೆ ಬೇಕಿಲ್ಲ. ಬಾಡಿಗೆದಾರರು ಹೋದರೆ ಖಾತೆ ಮುಚ್ಚುವುದಿಲ್ಲ, ಮುಂದಿನವರಿಗೆ ಹಾಗೇ ಮುಂದುವರಿಯುತ್ತದೆ. ಆದರೆ ಆಟೋಪೇ ಮನುಷ್ಯರಿಗೆ ಅಂಟಿದ್ದು. ಮನೆ ಅಲ್ಲೇ ಉಳಿಯಿತು, ಮಾವ ವಿಜಯಪುರಕ್ಕೆ ಹೋದರು, ಇಬ್ಬರ ನಡುವಿನ ಕೊಂಡಿ ಮಾತ್ರ ಕಳಚಲೇ ಇಲ್ಲ. ನೀರೂ ಹಾಗೇ, ಮನೆಗೆ ಅಂಟಿದ್ದು. ಸಿಲಿಂಡರ್ ಗ್ಯಾಸ್ ಮತ್ತು ಇಂಟರ್ನೆಟ್ ಮಾತ್ರ ನಮ್ಮ ಹೆಸರಿಗೆ ಅಂಟಿದ್ದು. ಮನೆ ಬಿಡುವಾಗ ಈ ಎರಡು ಜಾತಿಯನ್ನು ಬೇರೆ ಮಾಡಿಕೊಳ್ಳಬೇಕು. ಯಾಕೆಂದರೆ ಆಟೋಪೇ ನಿಲ್ಲಿಸುವ ಸರದಿ ಎರಡಕ್ಕೂ ಉಲ್ಟಾ.

ಮನೆಗೆ ಅಂಟಿದ ಬಿಲ್ಲಿಗೆ ಮೊದಲು ಆಟೋಪೇ ರದ್ದು ಮಾಡಬೇಕು, ಆಮೇಲೆ ಕೊನೆಯ ಲೆಕ್ಕವನ್ನು ಕೈಯಿಂದ ಕಟ್ಟಬೇಕು. ಮುಂದಿನ ಬಿಲ್ ಯಾರದ್ದೇ ಆಗಲಿ, ನಮ್ಮ ಖಾತೆಗೆ ಬರಬಾರದು. ನಮ್ಮ ಹೆಸರಿಗೆ ಅಂಟಿದ ಬಿಲ್ಲಿಗೆ ಮೊದಲು ಸಂಪರ್ಕ ಮುಚ್ಚಬೇಕು, ಕೊನೆಯ ಬಿಲ್ ತರಿಸಿಕೊಂಡು ಕಟ್ಟಬೇಕು, ಆಮೇಲೆ ಆಟೋಪೇ ತೆಗೆಯಬೇಕು. ಮಾವ ಎರಡನ್ನೂ ಅದಲುಬದಲು ಮಾಡಿದ್ದರು. ಕರೆಂಟಿನದನ್ನು ಓಡಲು ಬಿಟ್ಟರು. ಇಂಟರ್ನೆಟ್ಟಿನದನ್ನು ಎಲ್ಲಕ್ಕಿಂತ ಮೊದಲು ಕಿತ್ತುಹಾಕಿದರು.

ಅವತ್ತು ರಾತ್ರಿಯೇ ನಾವು ಮಾಡಿದ ಮೊದಲ ಕೆಲಸ, ಕಡಿತದ ಮೆಸೇಜಿನಲ್ಲಿದ್ದ ಅಕೌಂಟ್ ಐಡಿಯನ್ನು ಹಳೆ ಬಿಲ್ ಚೀಟಿಯ ಜೊತೆ ಹೊಂದಿಸಿ ನೋಡಿದ್ದು. ಬೆಳಗಾವಿ ಮನೆಯದೇ. ಎರಡೂ ಊರಿಗೆ ಹೆಸ್ಕಾಂ ಒಂದೇ, ಹಾಗಾಗಿ ಬರೀ ಹೆಸರು ನೋಡಿದರೆ ಯಾವ ಮನೆ ಅಂತ ತಿಳಿಯುವುದಿಲ್ಲ. ನಂಬರೇ ನೋಡಬೇಕು. ಆಮೇಲೆ ಮಾವ ಹಳೆ ಆ್ಯಪನ್ನು ಮತ್ತೆ ಹಾಕಿಕೊಂಡರು. ಆಟೋಪೇ ಅನ್ನುವ ಜಾಗಕ್ಕೆ ಹೋಗಿ, ಮ್ಯಾಂಡೇಟ್ ಆರಿಸಿ, ರದ್ದು ಒತ್ತಿ, ಯುಪಿಐ ಪಿನ್ ಹಾಕಿದರು. ಬ್ಯಾಂಕಿನಿಂದ ರದ್ದಾಯಿತು ಅಂತ ಮೆಸೇಜ್ ಬಂತು. ಆ ಮೆಸೇಜ್ ಬಂದರೆ ಮಾತ್ರ ರದ್ದಾದ ಹಾಗೆ. ಬಿಲ್ಲುಗಳ ಪಟ್ಟಿಯಿಂದ ಮನೆಯ ಹೆಸರು ಅಳಿಸಿದರೆ ಕೆಲಸ ಮುಗಿಯಿತು ಅಂತ ತಿಳಿಯಬಾರದು. ಆ ಪಟ್ಟಿಯೇ ಬೇರೆ, ಮ್ಯಾಂಡೇಟೇ ಬೇರೆ.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ, ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕು. ಮಾವನ ಫೋನ್ ಕೆದಕಿದೆವು. ಮಾರ್ಚ್, ಏಪ್ರಿಲ್, ಮೇ ಮೂರೂ ಸಲ ಮೆಸೇಜ್ ಬಂದಿತ್ತು. ಸಾಲ ಕೊಡುತ್ತೇವೆ, ಕಾರ್ಡ್ ಕೊಡುತ್ತೇವೆ ಅನ್ನುವ ಮೆಸೇಜುಗಳ ಅಡಿಯಲ್ಲಿ ಹೂತುಹೋಗಿತ್ತು. ಮಾರ್ಚಿನ 254 ಕಣ್ಣಿಗೆ ಬಿದ್ದಿದ್ದರೆ ಉಳಿದ ಮೂರೂವರೆ ಸಾವಿರ ಉಳಿಯುತ್ತಿತ್ತು. ಮನೆ ಬಿಟ್ಟ ಮೇಲೆ ಎರಡು ಮೂರು ತಿಂಗಳು ಬ್ಯಾಂಕಿನ ಮೆಸೇಜುಗಳನ್ನು ಓದಲೇಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಹೋದ ದುಡ್ಡು ಹೇಗೆ ವಾಪಸ್ ಬಂತು ಅನ್ನುವುದು ಮುಂದಿನ ಪ್ರಶ್ನೆ. ಕಟ್ಟಿದ ದುಡ್ಡು ಆ ಮೀಟರಿನ ಖಾತೆಗೆ ಸರಿಯಾಗಿಯೇ ಜಮಾ ಆಗಿದೆ, ಬಿಲ್ಲೂ ನಿಜವಾದದ್ದೇ. ಹಾಗಾಗಿ ಅದನ್ನು ಕರೆಂಟ್ ಆಫೀಸಿನಲ್ಲಿ ಕೇಳುವುದಕ್ಕೆ ಅರ್ಥವಿಲ್ಲ. ಬಳಸಿದವರ ಹತ್ತಿರವೇ ಕೇಳಬೇಕು. ಅದಕ್ಕೆ ಬೇಕಾದದ್ದು ಒಂದೇ, ಅಕ್ಕ ಬಿಟ್ಟ ದಿನ ಮೀಟರ್ ಎಷ್ಟಿತ್ತು ಅನ್ನುವ ಪುರಾವೆ.

ಅಕ್ಕ ಫೋಟೋ ತೆಗೆದಿದ್ದಳು. ಕಳಿಸಿದಳು. ಮೀಟರಿನ ಪರದೆಯ ಮೇಲೆ 1.86 ಅಂತ ಇತ್ತು. ಇದು ತುಂಬ ಜನರಿಗೆ ಆಗುವ ಎಡವಟ್ಟು. ಈಗಿನ ಡಿಜಿಟಲ್ ಮೀಟರಿನ ಪರದೆ ಒಂದೇ ಅಂಕಿ ತೋರಿಸಿಕೊಂಡು ನಿಲ್ಲುವುದಿಲ್ಲ. ಕೆಲವು ಸೆಕೆಂಡಿಗೆ ಒಂದರಂತೆ ತಾರೀಖು, ಸಮಯ, ವೋಲ್ಟೇಜ್ ಅಂತ ಬದಲಾಗುತ್ತಾ ಹೋಗುತ್ತದೆ. ಅಕ್ಕ ತೆಗೆದದ್ದು kW ಅಂತ ಬರುವ ಪುಟ. ಅದು ಗರಿಷ್ಠ ಬೇಡಿಕೆ, ಅಂದರೆ ಒಂದೇ ಹೊತ್ತಿಗೆ ಎಷ್ಟು ಎಳೆದಿರಿ ಅನ್ನುವುದು. ನಮಗೆ ಬೇಕಾದದ್ದು kWh ಅಂತ ಇರುವ ಪುಟ, ಬಿಲ್ಲಿನಲ್ಲಿ ಬರುವ ಯೂನಿಟ್ ಅದೇ. ಹಾಗಾಗಿ ಫೋಟೋ ತೆಗೆಯುವುದಕ್ಕಿಂತ ಅರ್ಧ ನಿಮಿಷದ ವಿಡಿಯೋ ಮಾಡುವುದು ಒಳ್ಳೆಯದು. ಮೀಟರಿನ ಮೈಮೇಲಿನ ನಂಬರಿನಿಂದ ಶುರು ಮಾಡಿ, ಪರದೆ ಒಂದು ಸುತ್ತು ಬರುವವರೆಗೆ ಹಿಡಿದರೆ ತಾರೀಖೂ ಸಿಗುತ್ತದೆ, ಯೂನಿಟ್ಟೂ ಸಿಗುತ್ತದೆ. ಪಕ್ಕದಲ್ಲಿ ಮಾಲಕರು ನಿಂತಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಕೈಯಲ್ಲಿ ಅದು ಇರಲಿಲ್ಲ. ಆದರೆ ಅದೃಷ್ಟಕ್ಕೆ ಫೆಬ್ರವರಿ 5ರ ಬಿಲ್ ಚೀಟಿಯನ್ನು ಕಾಕಾ ಎತ್ತಿಟ್ಟಿದ್ದರು. ಅದರಲ್ಲಿ ಇಂದಿನ ರೀಡಿಂಗ್ 8,531 ಅಂತ ಇತ್ತು. ಆ ಬಿಲ್ ಸೊನ್ನೆ, ಹಾಗಾಗಿ ಅದರವರೆಗೆ ಯಾರೂ ಯಾರಿಗೂ ಕೊಡುವುದಿಲ್ಲ. 8,531ರಿಂದ ಮುಂದಿನದೆಲ್ಲ ಹುಡುಗರ ಬಳಕೆ. ಗೆರೆ ಅಷ್ಟು ಸ್ಪಷ್ಟವಾಗಿತ್ತು. ಕಾಕಾ ಹುಡುಗರನ್ನು ಕರೆದು ಮೂರೂ ಚೀಟಿ ಮುಂದಿಟ್ಟರು. ಅವರು ಒಂದು ಮಾತೂ ಎದುರಾಡಲಿಲ್ಲ. ಮರುದಿನ ಸಂಜೆಗೆ 3,814 ರೂಪಾಯಿ ಮಾವನ ಖಾತೆಗೆ ಬಂತು.

ಇದೇ ಫೆಬ್ರವರಿ ಬಿಲ್ ಸೊನ್ನೆ ಆಗದೆ ಇದ್ದಿದ್ದರೆ? ಆಗ ತಕರಾರು ಬರುವ ಸಂಭವ ಇತ್ತು. ಒಂದೇ ಬಿಲ್ಲಿನ ತಿಂಗಳಲ್ಲಿ ಹಳಬರೂ ಹೊಸಬರೂ ಸೇರಿ ಬಳಸಿದಾಗ, ಪಾಲು ದಾಟಿದ್ದು ಯಾರಿಂದ ಅಂತ ಹೇಳುವುದು ಕಷ್ಟ. ಆಗ ಬಿಟ್ಟ ದಿನದ ರೀಡಿಂಗ್ ಇದ್ದರೆ ಯೂನಿಟ್ ಲೆಕ್ಕದಲ್ಲಿ ಹಂಚಿಕೊಳ್ಳಬಹುದು. ಇಲ್ಲದಿದ್ದರೆ ಮಾಲಕರು ಹೇಳಿದ್ದೇ ಲೆಕ್ಕ.

ಇನ್ನು ನೀರು. ಆ ಕಟ್ಟಡಕ್ಕೆ ನೀರಿನ ಮೀಟರ್ ಒಂದೇ, ಕಾಕಾ ಅವರ ಹೆಸರಿನದು. ಮೂರು ಮನೆಯವರೂ ಅವರಿಗೆ ತಿಂಗಳಿಗೆ 200 ಕೊಡುತ್ತಿದ್ದರು. ಮಾವ ಬ್ಯಾಂಕಿಗೆ ಕೊಟ್ಟ ಸೂಚನೆಗೆ ಕೊನೆಯ ತಾರೀಖು ಹಾಕಿರಲಿಲ್ಲ. ಫೆಬ್ರವರಿ 1ಕ್ಕೂ 200 ಹೋಯಿತು. ಕಾಕಾ ಅದೇ ದಿನ ಫೋನ್ ಮಾಡಿ ಹೇಳಿದರು, ಮಾವ ಅವತ್ತೇ ನಿಲ್ಲಿಸಿದರು. ಅವರ ಪ್ರಾಮಾಣಿಕತೆಯಿಂದ ಅದು ಒಂದೇ ತಿಂಗಳಿಗೆ ಮುಗಿಯಿತು. ಬಾಡಿಗೆಯನ್ನೂ ಹೀಗೇ ಕಳಿಸುವವರು ಅದನ್ನೂ ನೋಡಿಕೊಳ್ಳಬೇಕು.

ಗ್ಯಾಸಿಗೆ ಆಟೋಪೇ ಇರಲಿಲ್ಲ. ಸಿಲಿಂಡರ್ ಬುಕ್ ಮಾಡಿದಾಗ ದುಡ್ಡು, ಅಷ್ಟೇ. ಪೈಪ್ ಗ್ಯಾಸ್ ಇದ್ದವರಿಗೆ ಮಾತ್ರ ಮೀಟರ್, ಬಿಲ್ಲು, ಕೊನೆಯ ರೀಡಿಂಗ್ ಎಲ್ಲ ಇರುತ್ತದೆ. ಆದರೆ ಸಿಲಿಂಡರಿನಲ್ಲಿ ನಮ್ಮ ಡಿಪಾಸಿಟ್ ದುಡ್ಡು ಕೂತಿರುತ್ತದೆ. ಲಾರಿಯವರು ಸಿಲಿಂಡರನ್ನೂ ಎತ್ತಿ ಹಾಕುವುದರಲ್ಲಿದ್ದರು, ನಾನು ಇಳಿಸಿಕೊಂಡೆ. ಬೇರೆ ಊರಿಗೆ ಹೋಗುವವರು ಸಿಲಿಂಡರ್ ಮತ್ತು ರೆಗ್ಯುಲೇಟರ್ ಎರಡನ್ನೂ ಹಳೆ ಏಜೆನ್ಸಿಗೆ ಒಪ್ಪಿಸಬೇಕು. ಅವರು ಡಿಪಾಸಿಟ್ ವಾಪಸ್ ಕೊಟ್ಟು ಟ್ರಾನ್ಸ್‌ಫರ್ ವೋಚರ್ ಬರೆದುಕೊಡುತ್ತಾರೆ. ಅದನ್ನು ಹೊಸ ಊರಿನ ಏಜೆನ್ಸಿಗೆ ತೋರಿಸಿದರೆ ಹಳೆಯ ಗ್ರಾಹಕರಾಗಿಯೇ ಮುಂದುವರಿಯಬಹುದು. ವಾಪಸ್ ಬರುವ ದುಡ್ಡು ಇವತ್ತಿನ ದರದ್ದಲ್ಲ, ನಾವು ಅವತ್ತು ಕಟ್ಟಿದ್ದು. ಸಂಪರ್ಕ ತಗೊಂಡಾಗ ಕೊಟ್ಟ ಎಸ್‌ವಿ ಕಾಗದದಲ್ಲಿ ಅದು ಇರುತ್ತದೆ. ಅಕ್ಕನ ಕಾಗದ ಟ್ರಂಕಿನ ತಳದಲ್ಲಿ, ಮದುವೆಯ ಸೀರೆಗಳ ಕೆಳಗೆ ಸಿಕ್ಕಿತು. ಸಿಲಿಂಡರಿಗೆ 1,450, ರೆಗ್ಯುಲೇಟರಿಗೆ 150. ಒಟ್ಟು 1,600 ಬಂತು. ಸಿಲಿಂಡರಿನಲ್ಲಿ ಉಳಿದ ಗ್ಯಾಸಿಗೆ ದುಡ್ಡು ಕೊಡುವುದಿಲ್ಲ. ಅದಕ್ಕೇ ಅಕ್ಕ ಕೊನೆಯ ಎರಡು ವಾರ ಹೊಸ ಸಿಲಿಂಡರ್ ತರಿಸದೆ ಹಾಗೇ ತಳ್ಳಿದ್ದಳು.

ಇಂಟರ್ನೆಟ್ಟಿನದು ಬೇರೆ ತಲೆನೋವು. ತಿಂಗಳಿಗೆ ಸುಮಾರು 695 ರೂಪಾಯಿಯ ಪೋಸ್ಟ್‌ಪೇಯ್ಡ್ ಫೈಬರ್. ಜನವರಿ 20ಕ್ಕೆ ಮಾವ ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ 25ಕ್ಕೆ ಮುಚ್ಚಿ ಅಂದರು. ಮನವಿಯ ನಂಬರ್ ಮೆಸೇಜಿನಲ್ಲಿ ಬಂತು. ಫೋನ್ ಇಟ್ಟವರೇ ಕಾರ್ಡಿನ ಆಟೋಪೇ ರದ್ದು ಮಾಡಿದರು. ಗೋಡೆಯ ಮೇಲಿನ ಡಬ್ಬಿಯನ್ನು, ಅಂದರೆ ರೂಟರನ್ನು, ನನ್ನ ಹತ್ತಿರ ಬಿಟ್ಟುಹೋದರು. ಬಂದು ಒಯ್ಯುತ್ತೇವೆ ಅಂತ ಕಂಪನಿಯವರು ಹೇಳಿದ್ದರು, ಯಾರೂ ಬರಲಿಲ್ಲ.

ಫೆಬ್ರವರಿಯಲ್ಲಿ ಜನವರಿಯ ಬಿಲ್ ತಯಾರಾಯಿತು. 31 ದಿನದಲ್ಲಿ 25 ದಿನದ್ದು, 560 ರೂಪಾಯಿ. ಆಟೋಪೇ ಇಲ್ಲ, ಮಾವ ನೋಡಲೂ ಇಲ್ಲ, ಅದು ಬಾಕಿ ಉಳಿಯಿತು. ಅದರ ಮೇಲೆ 50 ರೂಪಾಯಿ ದಂಡ ಬಿತ್ತು. ಡಬ್ಬಿ ವಾಪಸ್ ಬರದ ಕಾರಣ ಸಂಪರ್ಕ ಅವರ ಲೆಕ್ಕದಲ್ಲಿ ಮುಚ್ಚಿರಲಿಲ್ಲ. ಹಾಗಾಗಿ ಫೆಬ್ರವರಿಯ ಪೂರ್ತಿ 695 ಕೂಡ ಏರಿತು. ಮಾರ್ಚಿನಲ್ಲಿ ವಸೂಲಿಯವರ ಫೋನ್ ಶುರುವಾಯಿತು. ಆಟೋಪೇ ನಿಲ್ಲಿಸಿದರೆ ದುಡ್ಡು ಕಟ್ ಆಗುವುದು ನಿಲ್ಲುತ್ತದೆ, ಬಿಲ್ಲು ಬೆಳೆಯುವುದು ನಿಲ್ಲುವುದಿಲ್ಲ.

ನಾನೇ ಡಬ್ಬಿ ಹಿಡಿದುಕೊಂಡು ಅವರ ಆಫೀಸಿಗೆ ಹೋದೆ. ಡಬ್ಬಿಯ ತಳದಲ್ಲಿ ಒಂದು ಸ್ಟಿಕರ್ ಇರುತ್ತದೆ, ಅದರಲ್ಲಿ ಸೀರಿಯಲ್ ನಂಬರ್. ಆ ನಂಬರನ್ನು ರಸೀದಿಯಲ್ಲಿ ಬರೆಯಿಸಿಕೊಂಡೆ. ಕೌಂಟರಿನ ಹುಡುಗಿ ಮೊದಲು ಬರೀ ಒಂದು ರೂಟರ್ ಬಂತು ಅಂತ ಬರೆದಿದ್ದಳು. "ನಂಬರ್ ಹಾಕವ್ವಾ, ನಾಳೆ ಯಾವ ರೂಟರ್ ಅಂತ ಕೇಳಿದ್ರ ನಾ ಏನ್ ಹೇಳ್ಲಿ?" ಅಂದೆ. ಬರೆದುಕೊಟ್ಟಳು. ಜನವರಿ 20ರ ಮನವಿ ನಂಬರ್ ತೋರಿಸಿದ ಮೇಲೆ ಫೆಬ್ರವರಿಯ 695 ತೆಗೆದರು. 560 ಮತ್ತು ದಂಡದ 50 ಸೇರಿ 610 ಉಳಿಯಿತು. ಅದನ್ನು ಮೊದಲೇ ಕಟ್ಟಿದ್ದ 1,000 ಡಿಪಾಸಿಟ್ಟಿನಲ್ಲಿ ಮುರಿದುಕೊಂಡು, ಮೂರು ವಾರಕ್ಕೆ 390 ವಾಪಸ್ ಹಾಕಿದರು. ಬಾಕಿ ಏನೂ ಇಲ್ಲ ಅಂತ ಒಂದು ಮೇಲ್ ಕೂಡ ತರಿಸಿಕೊಂಡೆ. ಮಾವ ಆಟೋಪೇಯನ್ನು ಇನ್ನೊಂದು ತಿಂಗಳು ಹಾಗೇ ಬಿಟ್ಟಿದ್ದರೆ ಆ 50 ದಂಡವೂ ಇರುತ್ತಿರಲಿಲ್ಲ, ವಸೂಲಿಯವರ ಫೋನೂ ಬರುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಕೆಲಸ ಉಳಿದಿತ್ತು. ಬೆಳಗಾವಿ ಮನೆಯ ಗೃಹಜ್ಯೋತಿ ಇನ್ನೂ ಮಾವನ ಆಧಾರ್ ಮೇಲೇ ಇತ್ತು. ಒಂದು ಆಧಾರಿಗೆ ಒಂದೇ ಮನೆ. ಅದನ್ನು ಬಿಡಿಸದೆ ಹೊಸ ಮನೆಗೆ ಹಾಕಲು ಆಗುವುದಿಲ್ಲ. 2024ರಿಂದ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಇದಕ್ಕೆ ಡಿ-ಲಿಂಕ್ ಅನ್ನುವ ಸೌಲಭ್ಯ ಇದೆ. ಆಧಾರಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಹಳೆ ಮನೆಯ ಅಕೌಂಟ್ ಐಡಿಯನ್ನು ಬಿಡಿಸಬಹುದು. ಬಿಡಿಸುವ ಮೊದಲು ಕಾಕಾ ಅವರಿಗೆ ಹೇಳಿದೆವು. ಯಾಕೆಂದರೆ ಬಿಡಿಸಿದ ಮೇಲೆ ಆ ಹುಡುಗರು ತಮ್ಮ ಆಧಾರ್ ಹಾಕಿ ಅರ್ಜಿ ಕೊಡುವವರೆಗೆ ಅವರಿಗೆ ಪೂರ್ತಿ ಬಿಲ್ ಬರುತ್ತದೆ.

ಮಾವ ಡಿ-ಲಿಂಕ್ ಮಾಡಿ, ವಿಜಯಪುರದ ಮನೆಗೆ ಅರ್ಜಿ ಹಾಕಲು ಕೂತರು. ಆಗ ಅಕ್ಕ ಒಂದು ಮಾತು ಕೇಳಿದಳು.

"ರೀ, ನಾವು ಇಲ್ಲಿ ಇನ್ನೂ ಅರ್ಜೀನೇ ಹಾಕಿಲ್ಲ. ಹಂಗಿದ್ರ ಇಷ್ಟು ದಿನ ಬಾಕಿ ಇಲ್ಲ ಅಂತ ಯಾಕ ಬರ್ತಿತ್ತು?"

ಬಿಲ್ ಚೀಟಿಗಳು ಕೆಳಗಿನ ಮನೆಯ ಡಬ್ಬದಲ್ಲಿ ಬೀಳುತ್ತಿದ್ದವು, ಇವರು ನೋಡಿರಲಿಲ್ಲ. ತೆಗೆದು ನೋಡಿದರೆ ಮಾರ್ಚಿಗೆ 740, ಏಪ್ರಿಲಿಗೆ 790, ಮೇಗೆ 1,012. ಮೂರೂ ಕಟ್ಟಿ ಆಗಿವೆ. ಇವರು ಒಂದು ರೂಪಾಯಿಯನ್ನೂ ಕಟ್ಟಿಲ್ಲ.

ಅಕ್ಕ ಮಾಲಕರ ಹತ್ತಿರ ಹಿಂದಿನ ಬಾಡಿಗೆದಾರರ ನಂಬರ್ ತಗೊಂಡಳು. ಅವರು ಬಾಗಲಕೋಟೆಗೆ ವರ್ಗವಾಗಿ ಹೋದ ಮೇಷ್ಟ್ರು. ಅವರಿಗೆ ಏನೂ ಗೊತ್ತಿರಲಿಲ್ಲ. ಅಕ್ಕ 2,542 ರೂಪಾಯಿ ಕಳಿಸಿದಳು. ಆದರೆ ಫೋನ್ ಇಡಲಿಲ್ಲ. "ಸರ್, ಈಗಽ ಆಟೋಪೇ ತಗೀರಿ, ನಾ ಲೈನಿನ್ಯಾಗ ಇರ್ತೀನಿ" ಅಂದಳು. ಮೇಷ್ಟ್ರು ಒಂದೊಂದೇ ಒತ್ತುತ್ತಾ, ಪರದೆಯ ಮೇಲೆ ಬಂದದ್ದನ್ನು ಗಟ್ಟಿಯಾಗಿ ಓದುತ್ತಾ ಹೋದರು. ರದ್ದಾಯಿತು ಅನ್ನುವ ಬ್ಯಾಂಕಿನ ಮೆಸೇಜನ್ನು ಅವರು ಪೂರ್ತಿ ಓದಿ ಹೇಳಿದ ಮೇಲೆಯೇ ಅಕ್ಕ ಫೋನ್ ಇಟ್ಟಳು.